ಸಲುಗೆಯ ಮಾತಿನ ನಂತರ ‘ಸರ್’ ಮರಳಿ ಬಂದರೆ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರದವನು, ವಯಸ್ಸು 29. ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆ ಹೋದಾಗ ಭಾಲ್ಕಿ ಕಡೆಯ ಒಬ್ಬ ಶಿಕ್ಷಕಿಯ ಪರಿಚಯವಾಯಿತು. ಎಂಟು ತಿಂಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುತ್ತೇವೆ. ಮೊದಲು ‘ಸರ್’ ಎನ್ನುತ್ತಿದ್ದವರು ಈಚೆಗೆ ‘ಮಲ್ಲಿಕಾರ್ಜುನ ಅವ್ರೇ’ ಎನ್ನತೊಡಗಿದ್ದರು. ಮಾತು ಇನ್ನೂ ಸ್ವಲ್ಪ ಆತ್ಮೀಯವಾಗಲಿ ಎಂದು ಕಳೆದ ವಾರ ರಾತ್ರಿ ಹತ್ತೂವರೆಗೆ ‘ಏನ್ ಮಾಡ್ಲತ್ತಿ ಪುಟ್ಟಿ? ಆ ಇತಿಹಾಸದ ನೋಟ್ಸ್ ಕಳಸು ಬಂಗಾರ’ ಎಂದು ಬರೆದೆ. ನಗುವ ಮುಖ ಒಂದು ಬಂತು, ಆಮೇಲೆ ‘ಆಯ್ತು ಸರ್, ನಾಳೆ ಕಳಸ್ತೀನಿ’ ಎಂದು ಬಂತು. ಮರುದಿನ ನೋಟ್ಸೂ ಬಂತು. ನಮ್ಮದು ಸ್ನೇಹ ಮಾತ್ರ. ಅವರಿಗೆ ಬೇಸರವಾಗಿದೆಯೇ? ಸಲುಗೆಯಿಂದ ಮಾತಾಡಲೇಬಾರದೇ, ಮಾತಾಡುವುದಾದರೆ ಹೇಗೆ?

ಉತ್ತರ: ಅವರಿಗೆ ಸಿಟ್ಟು ಬಂದಿದೆ ಎಂದು ನನಗೆ ಅನ್ನಿಸುವುದಿಲ್ಲ, ಆದರೆ ನಿಮ್ಮ ಮಾತು ಅವರಿಗೆ ಹಿತವಾಗಲಿಲ್ಲ ಎಂಬುದನ್ನು ಅವರು ಬಹಳ ಮರ್ಯಾದೆಯಿಂದ ತಿಳಿಸಿದ್ದಾರೆ. ತಿಳಿಸಿದ್ದು ನಗುವ ಮುಖದಿಂದಲ್ಲ, ಅದರ ಹಿಂದೆ ಬಂದ ‘ಸರ್’ನಿಂದ. ಎಂಟು ತಿಂಗಳಲ್ಲಿ ಅವರು ತಾವಾಗಿಯೇ ‘ಸರ್’ ಬಿಟ್ಟು ನಿಮ್ಮ ಹೆಸರಿಗೆ ಬಂದಿದ್ದರು, ಅಂದರೆ ತಮಗೆ ಸರಿಕಂಡ ವೇಗದಲ್ಲಿ ಹತ್ತಿರ ಬರುತ್ತಿದ್ದರು. ನಿಮ್ಮ ಆ ಒಂದು ಸಾಲಿನ ನಂತರ ಅವರು ಹಿಂದಿನ ಜಾಗಕ್ಕೇ ಹೋಗಿ ನಿಂತರು. ನಮ್ಮ ಕಡೆ ಯಾರನ್ನಾದರೂ ‘ಸರ್’ ಎನ್ನುವುದಕ್ಕೆ, ‘ಅಣ್ಣಾ’ ಎನ್ನುವುದಕ್ಕೆ ವಿಶೇಷ ಅರ್ಥವೇನೂ ಇಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿ ಕೊಳ್ಳುವಾಗಲೂ, ಬೀದರಿನ ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೂ ಇವೇ ಮಾತುಗಳು ಬರುತ್ತವೆ. ಆದ್ದರಿಂದ ಕರೆಯುವ ಪದ ಯಾವುದು ಎಂಬುದಕ್ಕಿಂತ ಅದು ಯಾವಾಗ ಬದಲಾಯಿತು, ಯಾವ ಕಡೆಗೆ ಬದಲಾಯಿತು ಎಂಬುದನ್ನೇ ನೋಡಬೇಕು. ಮೊದಲಿನಿಂದಲೂ ‘ಅಣ್ಣಾ’ ಎನ್ನುತ್ತಿದ್ದವರು ಇಂದೂ ‘ಅಣ್ಣಾ’ ಎಂದರೆ ಏನೂ ಆಗಿಲ್ಲ. ಹೆಸರು ಹಿಡಿದು ಕರೆಯುತ್ತಿದ್ದ ಹೆಣ್ಣುಮಗಳೊಬ್ಬಳು ಗಂಡಸಿನಿಂದ ಒಂದು ಮುದ್ದಿನ ಹೆಸರು ಬಂದ ಮರುಗಳಿಗೆಯಲ್ಲೇ ‘ಅಣ್ಣಾ’ ಎಂದೋ ‘ಸರ್’ ಎಂದೋ ಬರೆದರೆ ಅಲ್ಲಿ ಒಂದು ಗೆರೆ ಎಳೆದಿದ್ದಾಳೆ ಎಂದೇ ತಿಳಿಯಬೇಕು.

ಸಮಾಲೋಚನೆಗೆ ಬರುವ ಯುವಕರು ಈ ಗೆರೆಯನ್ನು ಕಾಣದೇ ಹೋಗುವುದಕ್ಕೆ ಒಂದು ಕಾರಣವಿದೆ. ಅವರು ‘ಬೇಡ’ ಎಂಬ ಮಾತಿಗಾಗಿ ಕಾಯುತ್ತಾರೆ. ನಮ್ಮ ಭಾಗದಲ್ಲಿ, ಅದರಲ್ಲೂ ಗಂಡು ಹೆಣ್ಣಿನ ನಡುವಿನ ಸ್ನೇಹದಲ್ಲಿ, ಮುಖಕ್ಕೆ ಹೊಡೆದಂತೆ ‘ಹಾಂಗ ಕರೀಬ್ಯಾಡ್ರಿ’ ಎನ್ನುವವರು ಕಡಿಮೆ. ಹಾಗೆ ಅಂದರೆ ಸ್ನೇಹವೇ ಮುರಿದೀತು ಎಂಬ ಅಳುಕು ಒಂದು ಕಡೆ, ‘ನಾನೇನ್ ತಪ್ಪು ಅಂದೆ’ ಎಂಬ ವಾದ ಶುರುವಾದೀತು ಎಂಬ ದಣಿವು ಇನ್ನೊಂದು ಕಡೆ. ಅದಕ್ಕಾಗಿ ಅವರು ನಗುವ ಮುಖ ಹಾಕಿ, ಕೇಳಿದ ಕೆಲಸ ಮಾಡಿಕೊಟ್ಟು, ಕರೆಯುವ ರೂಪವನ್ನು ಮಾತ್ರ ಹಿಂದಕ್ಕೆ ಒಯ್ಯುತ್ತಾರೆ. ನೋಟ್ಸ್ ಬಂದದ್ದು ಅವರ ಸಜ್ಜನಿಕೆ. ಅದನ್ನು ‘ಪುಟ್ಟಿ’ಗೆ ಸಿಕ್ಕ ಒಪ್ಪಿಗೆ ಎಂದು ಎಣಿಸಬಾರದು.

ಈಗ ನಿಮ್ಮ ಆ ಸಾಲನ್ನೇ ಬಿಡಿಸಿ ನೋಡೋಣ, ಏಕೆಂದರೆ ಮುಂದೆ ಏನು ಮಾಡಬೇಕು ಎಂಬುದು ಅದರಲ್ಲೇ ಇದೆ. ಒಂದೇ ಸಾಲಿನಲ್ಲಿ ನಾಲ್ಕು ಸಂಗತಿಗಳು ಒಟ್ಟಿಗೆ ನಡೆದಿವೆ. ‘ಮಾಡ್ಲತ್ತೀರಿ’ ಹೋಗಿ ‘ಮಾಡ್ಲತ್ತಿ’ ಬಂತು, ‘ಕಳಸ್ರಿ’ ಹೋಗಿ ‘ಕಳಸು’ ಬಂತು. ಅಂದರೆ ಬಹುವಚನ ಹೋಗಿ ಏಕವಚನ ಬಂತು. ಹೆಸರಿನ ಜಾಗದಲ್ಲಿ ‘ಪುಟ್ಟಿ’, ‘ಬಂಗಾರ’ ಎಂಬ ಎರಡು ಮುದ್ದಿನ ಮಾತುಗಳು ಬಂದವು. ಆ ಮುದ್ದಿನ ಜೊತೆಗೇ ಒಂದು ಬೇಡಿಕೆ ಬಂತು. ಇದೆಲ್ಲ ಬಂದದ್ದು ರಾತ್ರಿ ಹತ್ತೂವರೆಗೆ. ಇವುಗಳಲ್ಲಿ ಯಾವುದಾದರೂ ಒಂದೇ ಬಂದಿದ್ದರೆ ಅವರು ಬಹುಶಃ ನಕ್ಕು ಸುಮ್ಮನಾಗುತ್ತಿದ್ದರು.

ಏಕವಚನದ ವಿಷಯ ಮೊದಲು, ಏಕೆಂದರೆ ಬರೆಯುವವರಿಗೆ ಇದು ಅತಿ ಸಣ್ಣದಾಗಿ ಕಾಣುತ್ತದೆ, ಓದುವವರಿಗೆ ಅತಿ ದೊಡ್ಡದಾಗಿ ತಟ್ಟುತ್ತದೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು 1960ರಲ್ಲಿ ಐರೋಪ್ಯ ಭಾಷೆಗಳ ‘ನೀನು’, ‘ನೀವು’ಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ಮಾತನ್ನು ತೋರಿಸಿಕೊಟ್ಟರು: ಇಬ್ಬರೂ ಒಂದೇ ರೂಪ ಬಳಸಿದರೆ ಅವರು ಸಮಾನರು, ಒಬ್ಬರು ‘ನೀನು’ ಎಂದು, ಇನ್ನೊಬ್ಬರು ‘ನೀವು’ ಎಂದರೆ ಅವರ ನಡುವೆ ಮೇಲು ಕೆಳಗು ಇದೆ. ಇದು ನಮ್ಮ ಕನ್ನಡಕ್ಕೂ ಹಾಗೆಯೇ ಹೊಂದುತ್ತದೆ. ಶರಣಬಸವೇಶ್ವರ ಗುಡಿಯ ಜಾತ್ರೆಯಲ್ಲಿ ಸಿಕ್ಕ ಹಳೆಯ ಗೆಳೆಯರು ಪರಸ್ಪರ ‘ಏನಲೇ’ ಎಂದರೆ ಅದು ಪ್ರೀತಿ, ಏಕೆಂದರೆ ‘ಏನಲೇ’ಗೆ ‘ಏನಲೇ’ ಎಂದೇ ಉತ್ತರ ಬರುತ್ತದೆ. ನಿಮ್ಮ ಕಡೆಯಿಂದ ‘ಕಳಸು’ ಎಂದು ಹೋಗಿ, ಅವರ ಕಡೆಯಿಂದ ‘ಕಳಸ್ತೀನಿ ಸರ್’ ಎಂದು ಬಂದರೆ, ನೀವು ಬಯಸಿದ ಆತ್ಮೀಯತೆಯ ಜಾಗದಲ್ಲಿ ಸಾಹೇಬರು ಮತ್ತು ಕೈಕೆಳಗಿನವರು ಮಾತಾಡಿದ ಹಾಗೆ ಆಗುತ್ತದೆ. ನಿಮಗೆ ಅದು ಬೇಕಿರಲಿಲ್ಲ ಎಂದು ನಾನು ನಂಬುತ್ತೇನೆ. ಆದರೆ ಒಂದು ಕಡೆಯಿಂದ ಮಾತ್ರ ಬಂದ ಸಲುಗೆಗೆ ಬೇರೆ ರೂಪವೇ ಇಲ್ಲ.

ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ: ‘ನೀವು’ ಬಿಟ್ಟು ‘ನೀನು’ಗೆ ಬರೋಣ ಎಂದು ಮೊದಲು ಸೂಚಿಸುವ ಹಕ್ಕು ವಯಸ್ಸಿನಲ್ಲಿ, ಸ್ಥಾನದಲ್ಲಿ ಮೇಲಿದ್ದವರದ್ದು ಎಂಬುದು ಆ ಸಮಾಜಗಳ ರೂಢಿಯಾಗಿತ್ತು. ನಿಮ್ಮಂಥ ಸಮವಯಸ್ಕರ ಸ್ನೇಹಕ್ಕೆ ನಾನು ಹೇಳುವ ಅಳತೆ ಬೇರೆ. ಆ ಬದಲಾವಣೆಯಿಂದ ಯಾರಿಗೆ ಹೆಚ್ಚು ತೊಂದರೆ ಆಗಬಹುದೋ ಮೊದಲ ಹೆಜ್ಜೆ ಅವರದ್ದಾಗಿರಬೇಕು. ಇಲ್ಲಿ ಅವರು ನಿಮ್ಮ ಗೆಳತಿ. ಭಾಲ್ಕಿಯ ಮನೆಯೊಂದರಲ್ಲಿ ರಾತ್ರಿ ಹತ್ತೂವರೆಗೆ ಅವರ ಮೊಬೈಲ್ ಎಲ್ಲಿರುತ್ತದೆ ಎಂದು ಯೋಚಿಸಿರಿ. ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿರಬಹುದು, ತಮ್ಮನ ಕೈಯಲ್ಲಿರಬಹುದು, ಅವ್ವ ಟಿವಿ ನೋಡುವ ಜಾಗದ ಪಕ್ಕದಲ್ಲಿರಬಹುದು. ಲಾಕ್ ತೆಗೆಯದೆಯೇ ಪರದೆಯ ಮೇಲೆ ಸಂದೇಶದ ಮೊದಲ ಕೆಲವು ಪದಗಳು ಕಾಣಿಸುತ್ತವೆ. ಅಲ್ಲಿ ‘ಏನ್ ಮಾಡ್ಲತ್ತಿ ಪುಟ್ಟಿ’ ಎಂದು ನಿಮ್ಮ ಹೆಸರಿನ ಜೊತೆ ಬೆಳಗಿದರೆ ಉತ್ತರ ಕೊಡಬೇಕಾದವರು ನೀವಲ್ಲ, ಅವರು. ನಾನು ಇದನ್ನು ಹೇಳುತ್ತಿರುವುದು ಮುಚ್ಚಿಟ್ಟು ಬರೆಯಿರಿ ಎಂದಲ್ಲ. ಅವರ ಮನೆಯವರು ಓದಿದರೆ ಅವರು ವಿವರಣೆ ಕೊಡಬೇಕಾಗುವಂಥ ಮಾತನ್ನು, ಅವರು ತಾವಾಗಿ ಆ ಹೊರೆ ಹೊರಲು ಒಪ್ಪುವ ಮೊದಲು, ಅವರ ತಲೆಯ ಮೇಲೆ ಇಡಬೇಡಿ ಎಂದು.

‘ಪುಟ್ಟಿ’, ‘ಬಂಗಾರ’ಗಳ ಬಗ್ಗೆ ಬಹಳ ಹೇಳಬೇಕಿಲ್ಲ. ಇವು ಮಕ್ಕಳಿಗೆ ಆಡುವ ಮಾತುಗಳು; ಇಲ್ಲವಾದರೆ ಗಂಡ ಹೆಂಡತಿ, ಪ್ರೇಮಿಗಳು ಆಡುವ ಮಾತುಗಳು. ಹತ್ತಾರು ಮಕ್ಕಳಿಗೆ ಪಾಠ ಹೇಳುವ ಒಬ್ಬ ಶಿಕ್ಷಕಿಯನ್ನು ಸಮವಯಸ್ಕನೊಬ್ಬ ‘ಪುಟ್ಟಿ’ ಎಂದರೆ ಅವರಿಗೆ ತಾವು ಚಿಕ್ಕವರಾದಂತೆ ಅನ್ನಿಸಬಹುದು, ಇಲ್ಲವೇ ಮಾತು ಎಲ್ಲಿಗೆ ಹೊರಟಿದೆ ಎಂಬ ಅನುಮಾನ ಬರಬಹುದು. ಎರಡೂ ಸ್ನೇಹಕ್ಕೆ ಒಳ್ಳೆಯದಲ್ಲ.

ಬೇಡಿಕೆಯ ಜೊತೆ ಮುದ್ದನ್ನು ಸೇರಿಸಿದ್ದು ಇನ್ನೂ ಸೂಕ್ಷ್ಮವಾದ ತೊಡಕು. ಪೆನೆಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬವರು ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ತಮಿಳನ್ನೂ ಸೇರಿಸಿಕೊಂಡು ವಿನಯದ ಮಾತುಗಳನ್ನು ಅಭ್ಯಾಸ ಮಾಡಿ 1978ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಒಂದು ಲೆಕ್ಕವಿದೆ: ಒಂದು ಮಾತು ಕೇಳುವವರ ಮೇಲೆ ಎಷ್ಟು ಭಾರವಾಗುತ್ತದೆ ಎಂಬುದು ಇಬ್ಬರ ನಡುವಿನ ದೂರ, ಒಬ್ಬರಿಗೆ ಇನ್ನೊಬ್ಬರ ಮೇಲಿರುವ ಅಧಿಕಾರ, ಕೇಳುತ್ತಿರುವ ಕೆಲಸದ ಗಾತ್ರ ಈ ಮೂರರ ಮೇಲೆ ನಿಂತಿದೆ. ನಮ್ಮವರೇ ಎಂಬಂತೆ ಕರೆಯುವುದು ಆ ಭಾರವನ್ನು ಇಳಿಸುವ ಒಂದು ಉಪಾಯ ಎಂದೂ ಅವರು ಗುರುತಿಸಿದ್ದಾರೆ, ಮತ್ತು ಅದು ನಿಜ. ಆದರೆ ದೂರ ಇನ್ನೂ ಇರುವಾಗಲೇ ಆ ಉಪಾಯವನ್ನು ಬಳಸಿದರೆ ಭಾರ ಇಳಿಯುವುದಿಲ್ಲ, ಏರುತ್ತದೆ. ಏಕೆಂದರೆ ಓದುವವರಿಗೆ ‘ಬಂಗಾರ’ ಎಂಬುದು ನೋಟ್ಸಿಗಾಗಿ ಬಂದ ಮಾತಿನಂತೆ ಕೇಳಿಸುತ್ತದೆ. ಆದ್ದರಿಂದ ಹೊಸ ಕರೆಯ ರೂಪವನ್ನು ಯಾವ ಕಾಲಕ್ಕೂ ಸಹಾಯ ಕೇಳುವ ಸಂದೇಶದಲ್ಲಿ ಮೊದಲ ಬಾರಿ ಬಳಸಬಾರದು. ಏನೂ ಬೇಡದ ಮಾತಿನಲ್ಲಿ, ಹಗಲು ಹೊತ್ತಿನಲ್ಲಿ ಅದು ಮೊದಲು ಬರಲಿ.

ಹಾಗಾದರೆ ಮಾತನ್ನು ಬೆಚ್ಚಗಾಗಿಸುವುದು ಹೇಗೆ ಎಂಬ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹೆಸರಿನಿಂದ ಶುರು ಮಾಡಬೇಡಿ. ಮಾತಿನ ಒಳಗಿನ ಸಂಗತಿಯಿಂದ ಶುರು ಮಾಡಿ, ವಾಕ್ಯದ ತುದಿಯನ್ನು ಮೃದು ಮಾಡಿ, ಕರೆಯುವ ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ. ನಮ್ಮ ಕಡೆಯ ಕನ್ನಡಕ್ಕೆ ಇದರಲ್ಲಿ ದೊಡ್ಡ ಅನುಕೂಲವಿದೆ. ‘ರಿ’ ಹಚ್ಚಿದರೆ ಮಾತು ದೂರವಾಗುತ್ತದೆ ಎಂದು ನೀವು ಭಾವಿಸಿದಂತಿದೆ, ಆದರೆ ಕಲಬುರಗಿ ಸೀಮೆಯಲ್ಲಿ ‘ರಿ’ ಇಟ್ಟುಕೊಂಡೇ ಎಷ್ಟು ಬೇಕಾದರೂ ಹತ್ತಿರವಾಗಬಹುದು. ‘ಬರ್ರಿ, ಕೂಡ್ರಿ, ಒಂದೀಟು ಉಂಡ್ ಹೋಗ್ರಿ’ ಎಂಬ ಮಾತಿನಲ್ಲಿ ಮೂರು ‘ರಿ’ಗಳಿವೆ, ಆದರೂ ಅದಕ್ಕಿಂತ ಆತ್ಮೀಯವಾಗಿ ಮನೆಗೆ ಬಂದವರನ್ನು ಕರೆಯಲಾಗದು.

ನೋಟ್ಸನ್ನೇ ತೆಗೆದುಕೊಳ್ಳಿ. ‘ಇತಿಹಾಸದ ನೋಟ್ಸ್ ಕಳಸ್ರಿ’ ಎಂಬುದು ಒಣಗಿದ ಮಾತು, ಅದು ನಿಜ. ಅದನ್ನು ‘ಇತಿಹಾಸದ ನೋಟ್ಸ್ ಮುಗಿಸೀರಿ ಅಂದಿದ್ರಲ್ರಿ, ಬಿಡುವಾದಾಗ ಕಳಸ್ರಿ, ಅವಸರ ಏನಿಲ್ಲ. ಬಹಮನಿ ಭಾಗ ನೀವ್ ಬರದದ್ದು ಭಾಳ ಚಂದ ತಿಳೀತದ’ ಎಂದು ಬರೆದು ನೋಡಿ. ಇಲ್ಲಿ ಮುದ್ದಿನ ಮಾತು ಒಂದೂ ಇಲ್ಲ. ಆದರೆ ಅವರು ಹಿಂದೆ ಹೇಳಿದ್ದನ್ನು ನೀವು ನೆನಪಿಟ್ಟಿದ್ದೀರಿ, ಅವರ ಹೊತ್ತಿಗೆ ಬೆಲೆ ಕೊಟ್ಟಿದ್ದೀರಿ, ಅವರ ಕೆಲಸದ ಒಂದು ನಿರ್ದಿಷ್ಟ ಭಾಗವನ್ನು ಹೆಸರಿಸಿ ಮೆಚ್ಚಿದ್ದೀರಿ. ‘ಭಾರಿ ಬರೀತೀರಿ’ ಎಂಬ ಸಾರಾಸಗಟು ಮೆಚ್ಚುಗೆಗಿಂತ ‘ಬಹಮನಿ ಭಾಗ’ ಎಂಬ ಆ ಎರಡು ಪದಗಳೇ ನೀವು ಓದಿದ್ದೀರಿ ಎಂಬುದಕ್ಕೆ ಸಾಕ್ಷಿ. ಮೆಚ್ಚುಗೆ ಅವರ ಕೆಲಸದ ಮೇಲಿದೆ, ರೂಪದ ಮೇಲಿಲ್ಲ ಎಂಬುದನ್ನೂ ಗಮನಿಸಿರಿ. ಹೊಸ ಸ್ನೇಹದಲ್ಲಿ ಪ್ರೊಫೈಲ್ ಚಿತ್ರವನ್ನು ಹೊಗಳುವುದಕ್ಕಿಂತ ಇದು ಎಷ್ಟೋ ಹಗುರವಾಗಿ ಇಳಿಯುತ್ತದೆ.

ಇನ್ನೊಂದು ಸಂದರ್ಭ ನೋಡಿ. ಅವರು ‘ಇವತ್ ಸಾಲ್ಯಾಗ ಭಾಳ ದಣಿವಾಯ್ತ್ರಿ’ ಎಂದು ಬರೆದರೆ ಅನೇಕರು ತಕ್ಷಣ ‘ಆರಾಮ್ ತಗೋ’ ಎಂದು ಬುದ್ಧಿ ಹೇಳಿ ಮುಗಿಸುತ್ತಾರೆ, ಇಲ್ಲವೇ ‘ಅಯ್ಯೋ ಬಂಗಾರ’ ಎಂದು ಕರಗಿಹೋಗುತ್ತಾರೆ. ‘ಪರೀಕ್ಷಿ ಪೇಪರ್ ತಿದ್ದೋದು ಇನ್ನೂ ಮುಗಿದಿಲ್ಲೇನ್ರಿ? ಉಂಡು ಮಲಕೋರಿ, ನನ್ ಮಾತಿಗಿ ನಾಳೆ ಉತ್ತರ ಕೊಟ್ರ ನಡೀತದ’ ಎಂದರೆ ಕಾಳಜಿಯೂ ಬಂತು, ಮಾತು ಮುಂದುವರಿಸಲೇಬೇಕೆಂಬ ಒತ್ತಾಯವೂ ತಪ್ಪಿತು. ಬರೆದ ಮಾತಿನಲ್ಲಿ ನಿಮ್ಮ ದನಿ, ಮುಖ ಎರಡೂ ಕಾಣುವುದಿಲ್ಲವಾದ್ದರಿಂದ ಓದುವವರಿಗೆ ಹೊರಗೆ ಹೋಗುವ ಬಾಗಿಲು ತೆರೆದಿದೆ ಎಂಬುದನ್ನು ಅಕ್ಷರದಲ್ಲೇ ಬರೆದು ತೋರಿಸಬೇಕಾಗುತ್ತದೆ. ‘ಬಿಡುವಾದಾಗ’, ‘ತ್ರಾಸ ಆಗದಿದ್ರ’, ‘ನಾಳೆ ಆದ್ರೂ ನಡೀತದ’ ಎಂಬ ಸಣ್ಣ ಮಾತುಗಳ ಕೆಲಸ ಅದೇ. ಇವುಗಳನ್ನು ಬರೆದ ಮೇಲೆ ಹಾಗೆಯೇ ನಡೆದುಕೊಳ್ಳಬೇಕು ಎಂಬುದು ಮುಖ್ಯ. ‘ಅವಸರ ಇಲ್ಲ’ ಎಂದು ಬರೆದು ಅರ್ಧ ಗಂಟೆಗೆ ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ ಮೊದಲ ಮಾತು ಸುಳ್ಳಾಗುತ್ತದೆ.

ಹೀಗೆ ಕೆಲವು ವಾರ ಮಾತು ಸಾಗಿ, ಅವರೂ ತಮ್ಮ ಕಡೆಯಿಂದ ನಿಮ್ಮ ದಿನದ ಬಗ್ಗೆ ಕೇಳುತ್ತಿದ್ದರೆ, ಆಗ ಹೆಸರಿನ ವಿಷಯಕ್ಕೆ ಬರಬಹುದು. ಅಲ್ಲಿ ನನ್ನ ಸಲಹೆ ಒಂದೇ: ಹೆಸರನ್ನು ನೀವು ಹುಟ್ಟಿಸಬೇಡಿ, ಅವರಲ್ಲಿ ಆಗಲೇ ಇರುವುದನ್ನು ತೆಗೆದುಕೊಳ್ಳಿ. ಅವರ ಹೆಸರು ಭಾಗ್ಯಶ್ರೀ ಎಂದು ಇಟ್ಟುಕೊಳ್ಳೋಣ. ತರಬೇತಿಯ ಗೆಳತಿಯರು ಗುಂಪಿನಲ್ಲಿ ಅವರನ್ನು ‘ಭಾಗ್ಯಾ’ ಎಂದು ಕರೆಯುತ್ತಿದ್ದರೆ, ಅಥವಾ ಅವರೇ ಒಮ್ಮೆ ‘ಮನ್ಯಾಗ ನನಗ ಭಾಗ್ಯಾ ಅಂತಾರ’ ಎಂದಿದ್ದರೆ, ನಿಮಗೆ ಒಂದು ಸಿದ್ಧ ಹೆಸರು ಇದೆ. ಆದರೂ ಮನೆಯವರು ಕರೆಯುವ ಹೆಸರು ಮನೆಯವರಿಗೇ ಇರಲಿ ಎಂದು ಬಯಸುವವರು ಇದ್ದಾರೆ. ಅದಕ್ಕಾಗಿ ಕೇಳಬೇಕು, ಮತ್ತು ಇಲ್ಲ ಎನ್ನುವುದಕ್ಕೆ ಸುಲಭವಾಗುವಂತೆ ಕೇಳಬೇಕು: ‘ಎಲ್ಲಾರೂ ಭಾಗ್ಯಾ ಅಂತಾರಲ್ರಿ, ನಾನೂ ಹಾಂಗ ಅನ್ಲೇನು, ಇಲ್ಲಾ ಭಾಗ್ಯಶ್ರೀ ಅವ್ರೇ ಅಂದ್ರ ಛಲೋನ್ರಿ? ನನಗ ಎರಡೂ ನಡೀತದ.’ ಎರಡು ದಾರಿಗಳನ್ನು ಒಂದೇ ತೂಕದಲ್ಲಿ ಇಟ್ಟದ್ದರಿಂದ ಎರಡನೆಯದನ್ನು ಆರಿಸಿಕೊಳ್ಳುವುದು ನಿರಾಕರಣೆಯಾಗಿ ಉಳಿಯುವುದಿಲ್ಲ. ‘ಭಾಗ್ಯಾ ಅಂದ್ರ ಸಿಟ್ಟು ಬರ್ತದೇನು?’ ಎಂದು ಕೇಳಿದರೆ ಮಾತ್ರ ಅವರು ‘ಇಲ್ರಿ’ ಎಂದೇ ಹೇಳಬೇಕಾಗುತ್ತದೆ. ಅದು ಒಪ್ಪಿಗೆ ಕೇಳಿದಂತೆ ಕಂಡರೂ ಒತ್ತಾಯವೇ. ಬಹುವಚನವನ್ನು ಈ ಹಂತದಲ್ಲಿ ಮುಟ್ಟಬೇಡಿ. ‘ಭಾಗ್ಯಾ, ಹ್ಯಾಂಗಿದ್ದೀರಿ’ ಎಂಬುದು ನಮ್ಮ ಕಡೆ ಸಹಜವಾದ ಮಾತು. ಹೆಸರು ಹತ್ತಿರವಾಗಿ ಕ್ರಿಯಾಪದ ಮರ್ಯಾದೆಯಲ್ಲೇ ಉಳಿದ ಈ ರೂಪದಲ್ಲಿ ಎಷ್ಟೋ ಒಳ್ಳೆಯ ಸ್ನೇಹಗಳು ಜೀವನಪೂರ್ತಿ ನಡೆದಿವೆ.

ಕೇಳಿದ ಮೇಲೆ ಬರುವ ಉತ್ತರವನ್ನು ಓದುವುದರಲ್ಲೂ ಎಚ್ಚರ ಬೇಕು. ‘ಹೌದ್ರಿ, ಭಾಗ್ಯಾ ಅನ್ರಿ, ನಿಮಗೇನ್ ಅನ್ಲಿ ನಾನು, ಮಲ್ಲು ಅನ್ಲೇನು?’ ಎಂದರೆ ಅದು ಪೂರ್ಣ ಒಪ್ಪಿಗೆ, ಏಕೆಂದರೆ ಅವರೂ ಒಂದು ಹೆಜ್ಜೆ ಇಟ್ಟರು. ‘ನಡೀತದ ಬಿಡ್ರಿ’ ಎಂದಷ್ಟೇ ಬಂದರೆ ಅದನ್ನು ಒಪ್ಪಿಗೆ ಎಂದೂ ನಿರಾಕರಣೆ ಎಂದೂ ತೀರ್ಮಾನಿಸಬೇಡಿ. ಆ ಹೆಸರನ್ನು ಒಮ್ಮೆ ಬಳಸಿ, ಮುಂದಿನ ಕೆಲವು ದಿನ ಅವರ ಮಾತು ಹೇಗೆ ಸಾಗುತ್ತದೆ ನೋಡಿ. ಮಾತಿನ ಉದ್ದ ಮೊದಲಿನಷ್ಟೇ ಇದ್ದು, ಅವರಾಗಿ ವಿಷಯ ತೆಗೆಯುತ್ತಿದ್ದರೆ, ನಿಮ್ಮನ್ನು ಕರೆಯುವ ರೂಪ ಹಿಂದೆ ಸರಿಯದೇ ಇದ್ದರೆ ಮುಂದುವರಿಸಬಹುದು. ಉತ್ತರಗಳು ‘ಹ್ಞಾಂ’, ‘ಆಯ್ತು’, ಬರೀ ಹೆಬ್ಬೆರಳಿನ ಚಿತ್ರ ಎಂದು ಕುಗ್ಗಿದರೆ, ಪ್ರಶ್ನೆ ಕೇಳುವುದು ನಿಂತರೆ, ಇಬ್ಬರ ನಡುವಿನ ಮಾತನ್ನು ತರಬೇತಿಯ ಗುಂಪಿಗೆ ಒಯ್ದು ಅಲ್ಲೇ ಉತ್ತರಿಸತೊಡಗಿದರೆ, ಭಾಗ್ಯಶ್ರೀ ಅವರೇ ಎಂಬಲ್ಲಿಗೆ ಸುಮ್ಮನೆ ಮರಳಿರಿ.

ಇಲ್ಲಿ ಹೋಲಿಕೆ ಯಾವಾಗಲೂ ಅವರ ಹಿಂದಿನ ರೀತಿಯ ಜೊತೆಗೇ ಇರಬೇಕು. ಕೆಲವರು ಹುಟ್ಟಾ ಎರಡಕ್ಷರದಲ್ಲೇ ಉತ್ತರಿಸುವವರು, ಅವರ ‘ಹ್ಞಾಂ’ಗೆ ಅರ್ಥ ಹುಡುಕಬಾರದು. ಅದೇ ರೀತಿ ನೀಲಿ ಗುರುತು ಬಾರದಿದ್ದುದರಿಂದ, ಬಂದರೂ ಉತ್ತರ ಮೂರು ತಾಸು ತಡವಾದುದರಿಂದ ಏನೂ ತಿಳಿಯುವುದಿಲ್ಲ. ನೀಲಿ ಗುರುತನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿಟ್ಟವರು ಬಹಳ ಜನ; ಶಾಲೆಯ ಹೊತ್ತಿನಲ್ಲಿ ಓದಿ ಸಂಜೆ ಉತ್ತರಿಸುವವರು ಇನ್ನೂ ಹೆಚ್ಚು. ಕೊನೆಯ ಬಾರಿ ಆನ್‌ಲೈನ್ ಇದ್ದ ಹೊತ್ತನ್ನು ಲೆಕ್ಕ ಹಾಕುವ ಅಭ್ಯಾಸ ಇದ್ದರೆ ಅದನ್ನು ಬಿಡಿ. ಅದು ಅವರ ಹಿತವನ್ನು ಗಮನಿಸುವುದಲ್ಲ, ಅವರನ್ನು ಕಾಯುವುದು. ಒಮ್ಮೆ ‘ರಾತ್ರಿ ಹನ್ನೊಂದಕ್ಕ ಆನ್‌ಲೈನ್ ಇದ್ದೀರಿ, ಉತ್ತರ ಕೊಡಲಿಲ್ಲ’ ಎಂದು ಬರೆದರೆ ಎಂಟು ತಿಂಗಳ ನಂಬಿಕೆ ಹೋಗುತ್ತದೆ.

ಈಗ ಕಳೆದ ವಾರದ ಆ ಸಾಲನ್ನು ಸರಿಪಡಿಸುವ ವಿಷಯ. ಅದನ್ನು ಅಳಿಸಲು ಹೋಗಬೇಡಿ. ಎಲ್ಲರಿಗೂ ಅಳಿಸಿದರೆ ಅಲ್ಲಿ ಸಂದೇಶ ಅಳಿಸಲಾಗಿದೆ ಎಂಬ ಗುರುತು ಉಳಿಯುತ್ತದೆ. ಬರೆದದ್ದನ್ನು ತಿದ್ದುವ ಸೌಲಭ್ಯ 2023ರಿಂದ ಇದೆಯಾದರೂ ಕಳಿಸಿದ 15 ನಿಮಿಷದೊಳಗೆ ಮಾತ್ರ ಸಾಧ್ಯ. ಹೇಗಿದ್ದರೂ ಅವರು ಓದಿ ಆಗಿದೆ, ಅಳಿಸಿದರೆ ನೀವು ಗಾಬರಿಯಾದಿರಿ ಎಂಬುದಷ್ಟೇ ಅವರಿಗೆ ತಿಳಿಯುತ್ತದೆ. ಉದ್ದದ ಕ್ಷಮಾಪಣೆಯೂ ಬೇಡ. ‘ನಿಮ್ಮ ಮನಸ್ಸಿಗಿ ನೋವಾಯ್ತೇನು, ನಾನ್ ಹಾಂಗ ಅಂದಿಲ್ಲ, ದಯವಿಟ್ಟು ತಪ್ಪು ತಿಳಕೋಬ್ಯಾಡ್ರಿ’ ಎಂದು ನಾಲ್ಕು ಸಂದೇಶ ಹೋದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ಮೇಲೆ ಬೀಳುತ್ತದೆ. ಅವರು ‘ಇಲ್ರಿ, ಏನಿಲ್ಲ’ ಎಂದು ಬರೆಯಲೇಬೇಕಾಗುತ್ತದೆ, ಮತ್ತು ಒಮ್ಮೆ ಹಾಗೆ ಬರೆದ ಮೇಲೆ ಮುಂದೆ ತಮಗೆ ನಿಜವಾಗಿ ಕಿರಿಕಿರಿಯಾದಾಗ ಹೇಳುವುದು ಅವರಿಗೆ ಇನ್ನಷ್ಟು ಕಷ್ಟವಾಗುತ್ತದೆ.

ನೋಟ್ಸಿಗೆ ನೀವು ಇನ್ನೂ ಸರಿಯಾಗಿ ಉತ್ತರ ಕೊಟ್ಟಿರಲಿಕ್ಕಿಲ್ಲ. ಅದನ್ನೇ ಅವಕಾಶ ಮಾಡಿಕೊಳ್ಳಿ. ಹಗಲಲ್ಲಿ, ಅವರ ಶಾಲೆ ಬಿಟ್ಟ ಮೇಲೆ, ಹೀಗೊಂದು ಸಂದೇಶ ಸಾಕು: ‘ಭಾಗ್ಯಶ್ರೀ ಅವ್ರೇ, ನೋಟ್ಸ್ ಪೂರಾ ಓದಿದೆ, ಭಾಳ ಉಪಯೋಗ ಆಯ್ತ್ರಿ. ಆವತ್ ರಾತ್ರಿ ನಾನ್ ಕರೆದ ರೀತಿ ಸರಿ ಇರಲಿಲ್ಲ, ಮುಂದ ಹಾಂಗ ಅನ್ನಂಗಿಲ್ಲ. ಭೂಗೋಳದ್ದು ನನ್ ಹಂತ್ಯಾಕ ಅದ, ನಿಮಗ ಬೇಕಾದ್ರ ಹೇಳ್ರಿ.’ ಹೆಸರು ಅವರಿಗೆ ಪರಿಚಿತವಾದ ರೂಪಕ್ಕೆ ಬಂತು. ತಪ್ಪನ್ನು ಒಂದೇ ವಾಕ್ಯದಲ್ಲಿ, ಉತ್ತರ ಬಯಸದೆ, ಒಪ್ಪಿಕೊಂಡಿರಿ. ಕೊನೆಯಲ್ಲಿ ಮಾತು ಓದಿನ ಕಡೆ ಹೊರಳಿದ್ದರಿಂದ ಅವರು ಬೇಕಾದರೆ ಬರೀ ಭೂಗೋಳಕ್ಕೆ ಉತ್ತರಿಸಬಹುದು. ಅವರು ಆ ನಡುವಿನ ವಾಕ್ಯವನ್ನು ಮುಟ್ಟದೇ ಬಿಟ್ಟರೆ ನೀವೂ ಅದನ್ನು ಮತ್ತೆ ಎತ್ತಬೇಡಿ. ಅವರು ಇನ್ನೂ ಕೆಲವು ದಿನ ‘ಸರ್’ ಎಂದೇ ಬರೆಯಬಹುದು, ಬರೆಯಲಿ. ‘ಸರ್ ಯಾಕ್ರಿ, ಹೆಸರ ಹೇಳ್ರಲ್ಲ’ ಎಂದು ಒತ್ತಾಯಿಸುವುದು ಈ ಹೊತ್ತಿನಲ್ಲಿ ಸಲ್ಲದು. ಅವರು ಹಿಂದೆ ತಾವಾಗಿ ಬಿಟ್ಟಿದ್ದ ‘ಸರ್’ ಅದು. ಮತ್ತೆ ಬಿಡುವುದೂ ಅವರ ಕೈಯಲ್ಲೇ ಇರಬೇಕು.

ಇನ್ನೊಂದು ಮಾತನ್ನು ಕೇಳದೆಯೇ ಹೇಳುತ್ತೇನೆ, ಏಕೆಂದರೆ ಇದು ಸ್ನೇಹ ಮಾತ್ರ ಎಂದು ನೀವು ಪ್ರತ್ಯೇಕವಾಗಿ ಬರೆದಿದ್ದೀರಿ. ನಿಮ್ಮ ಮನಸ್ಸಿನಲ್ಲಿ ಅದಕ್ಕಿಂತ ಹೆಚ್ಚಿನದು ಇದ್ದರೆ ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದನ್ನು ‘ಬಂಗಾರ’ದ ಒಳಗಿಟ್ಟು ಕಳಿಸಿ ಅವರು ಹೇಗೆ ತೆಗೆದುಕೊಳ್ಳುತ್ತಾರೆಂದು ನೋಡುವುದು ಅವರಿಗೆ ಅನ್ಯಾಯ. ಹಾಗೆ ಕಳಿಸಿದ್ದನ್ನು ಅವರು ಒಪ್ಪಲೂ ಆಗುವುದಿಲ್ಲ, ನಿರಾಕರಿಸಲೂ ಆಗುವುದಿಲ್ಲ. ನಿರಾಕರಿಸಿದರೆ ‘ಸುಮ್ನ ಸ್ನೇಹದಾಗ ಅಂದೆ’ ಎಂದು ನೀವು ಹಿಂದೆ ಸರಿಯಬಹುದು, ಅವರೇ ಏನೋ ಕಲ್ಪಿಸಿಕೊಂಡವರಂತೆ ಆಗುತ್ತಾರೆ. ಅಂಥ ಮಾತಿದ್ದರೆ ಅದನ್ನು ನೇರವಾಗಿ, ಒಮ್ಮೆ, ಬಹುವಚನದಲ್ಲೇ ಹೇಳಿ, ಬಂದ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಕರೆಯುವ ಹೆಸರುಗಳು ಸ್ನೇಹಿತರು ಎಲ್ಲರೆದುರು ಕರೆಯಬಹುದಾದಂಥವೇ ಆಗಿರಲಿ. ತರಬೇತಿಯ ಗುಂಪಿನಲ್ಲಿ ಎಲ್ಲರ ಮುಂದೆ ನೀವು ಬರೆಯಲಾರದ ಹೆಸರನ್ನು ಒಬ್ಬರಿಗೇ ಬರೆಯುವಾಗಲೂ ಬರೆಯಬೇಡಿ. ಇದು ನಿಮ್ಮ ಮನಸ್ಸನ್ನು ನೀವೇ ಪರೀಕ್ಷಿಸಿಕೊಳ್ಳುವುದಕ್ಕೂ ಸಾಕಾದ ಅಳತೆ.

ಮುಂದೆ ಅವರೇ ಒಂದು ದಿನ ‘ಮಲ್ಲು ಅವ್ರೇ’ ಎಂದರೆ ಏನು ಮಾಡಬೇಕು ಎಂಬುದನ್ನೂ ಬರೆದುಬಿಡುತ್ತೇನೆ, ಏಕೆಂದರೆ ಸಂತೋಷದಲ್ಲಿ ಎಡವುವುದು ಆಗಲೇ. ಅವರು ಇಟ್ಟಷ್ಟೇ ಹೆಜ್ಜೆಯನ್ನು ನೀವೂ ಇಡಿ. ಹೆಸರು ಚಿಕ್ಕದಾಗಿ ‘ಅವ್ರೇ’ ಉಳಿದಿದೆ. ಹಾಗಾದರೆ ನಿಮ್ಮ ಕಡೆಯಿಂದಲೂ ‘ಭಾಗ್ಯಾ ಅವ್ರೇ’ ಎಂಬುದಷ್ಟೇ ಹೋಗಲಿ, ‘ನೀ’ ಆಗಲಿ ‘ಪುಟ್ಟಿ’ ಆಗಲಿ ಬೇಡ. ಅವರು ‘ನೀವು’ ಬಿಟ್ಟು ‘ನೀ’ ಎಂದ ದಿನ ನೀವೂ ‘ನೀ’ ಎನ್ನಬಹುದು. ಆ ದಿನ ಬಾರದೇ ಹೋದರೂ ‘ಉಂಡ್ರೇನ್ರಿ, ಅವ್ವಗ ಆರಾಮ ಅದೇನ್ರಿ’ ಎಂದು ಕೇಳುವುದಕ್ಕೆ, ಅದಕ್ಕೆ ಅವರು ನಾಲ್ಕು ಸಾಲು ಬರೆದು ಉತ್ತರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.